ಗೆದ್ದ ತಂಡಕ್ಕೆ ಅಭಿನಂದನೆ ಬರೆಯುವುದು: ಚರ್ಚಾಕೂಟದ ಸಂಚಾಲಕರಿಗೊಂದು ಮಾರ್ಗದರ್ಶಿ

ಶನಿವಾರ ಸಂಜೆ ಫಲಿತಾಂಶ ಬರುತ್ತದೆ. ಮಕ್ಕಳು ಪಾರಿತೋಷಕವನ್ನು ಮಡಿಲಲ್ಲಿ ಇಟ್ಟುಕೊಂಡು ಆಟೊದಲ್ಲಿ ಕೂತ ಫೋಟೊ, ಅವರು ಕಾಲೇಜಿಗೆ ಮರಳುವ ಮೊದಲೇ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. ಪ್ರಾಂಶುಪಾಲರು ಚಪ್ಪಾಳೆಯ ಚಿತ್ರ ಹಾಕುತ್ತಾರೆ, ಸಹೋದ್ಯೋಗಿಗಳು ಒಬ್ಬರ ಹಿಂದೊಬ್ಬರು ಶುಭಾಶಯ ಹೇಳುತ್ತಾರೆ. ಸಂಚಾಲಕರು ಏನು ಬರೆಯುತ್ತಾರೆ ಎಂದು ಮಕ್ಕಳು ಕಾಯುತ್ತಿರುತ್ತಾರೆ. ಆ ಗಡಿಬಿಡಿಯಲ್ಲಿ ನಮ್ಮ ಕೈಗೆ ಮೊದಲು ಸಿಗುವ ವಾಕ್ಯ ಇದು: ‘ನಿರಂತರ ಪರಿಶ್ರಮದಿಂದ ಕಾಲೇಜಿಗೆ ಕೀರ್ತಿ ತಂದ ನಿಮಗೆಲ್ಲ ಹಾರ್ದಿಕ ಅಭಿನಂದನೆಗಳು.’

ಈ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಇದನ್ನು ಕಬಡ್ಡಿ ತಂಡಕ್ಕೂ ಕಳಿಸಬಹುದು, ರಂಗೋಲಿಯಲ್ಲಿ ಗೆದ್ದವರಿಗೂ ಕಳಿಸಬಹುದು. ನಾಲ್ಕು ವಾರ ಸಂಜೆ ಐದರವರೆಗೆ ಕೂತು ಒಂದು ವಿಷಯವನ್ನು ಬಗೆದು ನೋಡಿದ ಮಕ್ಕಳು ಅದರಲ್ಲಿ ತಮ್ಮನ್ನು ಹುಡುಕಿದರೆ ಸಿಗುವುದಿಲ್ಲ. ಬಸವನಗುಡಿ ಕಡೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತ ಕೆಲವು ವರ್ಷಗಳಿಂದ ಚರ್ಚಾಕೂಟ ನೋಡಿಕೊಳ್ಳುತ್ತಿದ್ದೇನೆ. ಯಾರು ಏನು ಮಾಡಿದರು ಎಂಬುದರ ನಿಜವಾದ ದಾಖಲೆಯೇ ಅಭಿನಂದನೆ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಆ ದಾಖಲೆಯನ್ನು ಸಿದ್ಧಪಡಿಸುವ ಕ್ರಮವನ್ನು ಒಂದು ಗೆಲುವಿನ ಜೊತೆಗಿಟ್ಟು ಹೇಳುತ್ತೇನೆ. ಮಕ್ಕಳ ಹೆಸರನ್ನು ಇಲ್ಲಿ ಹಾಕುವುದು ಸರಿಯಲ್ಲ, ಮೊದಲಕ್ಷರ ಮಾತ್ರ ಬಳಸುತ್ತೇನೆ.

ಗೆಲ್ಲುವ ಮೊದಲೇ ಶುರು ಮಾಡಿ

ಅಭಿನಂದನೆಗೆ ಬೇಕಾದ ಸಾಮಗ್ರಿ ಗೆದ್ದ ದಿನ ಸಿಗುವುದಿಲ್ಲ. ಆ ದಿನ ಎಲ್ಲರಿಗೂ ನೆನಪಿರುವುದು ವೇದಿಕೆ ಒಂದೇ. ಎರಡನೆಯ ವಾರದ ಮಂಗಳವಾರ ಯಾರು ಏನು ಹೇಳಿದ್ದರಿಂದ ಭಾಷಣ ತಿರುವು ಪಡೆಯಿತು ಎಂಬುದು ಆಗಲೇ ಮರೆತಿರುತ್ತದೆ. ಆದ್ದರಿಂದ ವಿಷಯ ಕೈಗೆ ಬಂದ ದಿನವೇ ಒಂದು ತೆಳ್ಳನೆಯ ನೋಟ್‌ಬುಕ್ ತೆರೆಯಿರಿ. ಅಭ್ಯಾಸ ಮುಗಿದ ಮೇಲೆ ದಿನಕ್ಕೆ ಎರಡು ಸಾಲು ಬರೆದರೆ ಸಾಕು: ಯಾರು ಬಂದಿದ್ದರು, ಇವತ್ತು ಏನು ಬದಲಾಯಿತು, ಯಾರಿಂದ.

ನಮಗೆ ಬಂದಿದ್ದ ವಿಷಯ ‘ಮಳೆನೀರು ಕೊಯ್ಲಿಗೆ ದಂಡವೇ ಸರಿಯಾದ ದಾರಿ’. ಅಂತರ ಕಾಲೇಜು ಸ್ಪರ್ಧೆಗಳ ಹಳೆಯ ಪದ್ಧತಿಯಂತೆ ಪ್ರತಿ ಕಾಲೇಜಿನಿಂದ ಇಬ್ಬರು. ಒಬ್ಬರು ಪರ, ಇನ್ನೊಬ್ಬರು ವಿರೋಧ. ಒಬ್ಬೊಬ್ಬರಿಗೆ 4 ನಿಮಿಷ, ಆಮೇಲೆ ಪ್ರಶ್ನೆಗಳು. ವೇದಿಕೆ ಹತ್ತುವವರು ಇಬ್ಬರೇ ಆದರೂ ನಮ್ಮ ಕೋಣೆಯಲ್ಲಿ ಕೂತವರು ಆರು ಮಂದಿ. ನನ್ನ ನೋಟ್‌ಬುಕ್ಕಿನ ಕೆಲವು ಸಾಲುಗಳು ಹೀಗಿದ್ದವು:

‘ಮೊದಲ ವಾರ. ಸ ಓದಿದ ಪರ ಭಾಷಣ 6 ನಿಮಿಷ 10 ಸೆಕೆಂಡು. ಪೀಠಿಕೆಯೇ ಎರಡು ನಿಮಿಷ. ರ ಗಡಿಯಾರ ಹಿಡಿದಿದ್ದಾನೆ.’

‘ಎರಡನೆಯ ವಾರ. ನ ಲೆಕ್ಕ ಹಾಕಿ ತಂದಿದ್ದಾನೆ: 30 ಅಡಿಗೆ 40 ಅಡಿಯ ನಿವೇಶನ, ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ, ಬೀಳುವ ನೀರು ಹೆಚ್ಚುಕಡಿಮೆ 1 ಲಕ್ಷ 8 ಸಾವಿರ ಲೀಟರು. ಸ ಪೀಠಿಕೆ ಕಿತ್ತುಹಾಕಿ ಇದರಿಂದಲೇ ಶುರು ಮಾಡಿದಳು.’

‘ಮೂರನೆಯ ವಾರ. ಮ ಕೇಳಿದ: ದಂಡ ಕಟ್ಟಿಬಿಟ್ಟರೆ ನೀರು ಹಿಡಿದಂತಾಯಿತೇ? ಸ ಹತ್ತಿರ ಉತ್ತರವಿಲ್ಲ. ನಾಳೆ ಹೇಳುತ್ತೇನೆ ಎಂದಳು.’

ಈ ಮೂರನೆಯ ಸಾಲು ಇರದಿದ್ದರೆ ಮ ಮಾಡಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಆಯ್ಕೆಯ ದಿನ ಅವನು ಸ ಎದುರು ಸೋತಿದ್ದ. ಸೋತವರು ಸಾಮಾನ್ಯವಾಗಿ ಮರುದಿನದಿಂದ ಬರುವುದಿಲ್ಲ. ಇವನು ಬಂದ, ಬಂದು ಅಭ್ಯಾಸದಲ್ಲಿ ಎದುರಾಳಿಯಾಗಿ ನಿಂತ. ಸ್ಪರ್ಧೆಯ ದಿನ ಬೇರೊಂದು ಕಾಲೇಜಿನ ಹುಡುಗಿ ಸ ಮುಂದೆ ಅದೇ ಪ್ರಶ್ನೆ ಇಟ್ಟಳು, ಮಾತೂ ಹೆಚ್ಚುಕಡಿಮೆ ಅದೇ. ಸ ತಡವರಿಸದೆ ಉತ್ತರ ಕೊಟ್ಟಳು. ಆ ಗಳಿಗೆಯಲ್ಲಿ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದ ಮ ಮುಖವನ್ನು ನಾನು ನೋಡಿದೆ. ಅಭಿನಂದನೆಯಲ್ಲಿ ಬರಬೇಕಾದದ್ದು ಇದು.

ಫಲಿತಾಂಶವನ್ನು ಸರಿಯಾಗಿ ತಿಳಿದುಕೊಳ್ಳಿ

ಇಲ್ಲೇ ಹೆಚ್ಚಿನವರು ಎಡವುವುದು. ‘ಪ್ರಥಮ ಸ್ಥಾನ’ ಎಂಬ ಮಾತು ಚರ್ಚಾಸ್ಪರ್ಧೆಯಲ್ಲಿ ಎರಡು ಅರ್ಥ ಕೊಡುತ್ತದೆ. ವೈಯಕ್ತಿಕ ಬಹುಮಾನಗಳು ಬೇರೆ, ತಂಡಕ್ಕೆ ಸಿಗುವ ಪರ್ಯಾಯ ಪಾರಿತೋಷಕ, ಅಂದರೆ ಮಕ್ಕಳ ಬಾಯಲ್ಲಿ ರೋಲಿಂಗ್ ಶೀಲ್ಡ್, ಅದು ಬೇರೆ. ನಾನು ಹೇಳುತ್ತಿರುವ ಪದ್ಧತಿಯಲ್ಲಿ ಪರ ಮತ್ತು ವಿರೋಧ ಮಾತಾಡಿದ ಇಬ್ಬರ ಅಂಕಗಳನ್ನು ಕೂಡಿಸಿ, ಮೊತ್ತ ಹೆಚ್ಚಿರುವ ಕಾಲೇಜಿಗೆ ಪಾರಿತೋಷಕ ಕೊಡುತ್ತಾರೆ.

ನಮ್ಮ ಸ್ಪರ್ಧೆಯಲ್ಲಿ ಮೂವರು ತೀರ್ಪುಗಾರರು, ತಲಾ 50 ಅಂಕ, ಒಬ್ಬ ಭಾಷಣಕಾರರಿಗೆ ಒಟ್ಟು 150. ಸ ಪಡೆದದ್ದು 118, ವಿರೋಧ ಮಾತಾಡಿದ ಹ 115. ಕೂಡಿದರೆ 233. ವೈಯಕ್ತಿಕವಾಗಿ ಮೊದಲು ಬಂದ ಬೇರೆ ಕಾಲೇಜಿನ ವಿದ್ಯಾರ್ಥಿಗೆ 124 ಬಂದಿತ್ತು, ಆದರೆ ಅವರ ಜೊತೆಗಾರರಿಗೆ 102. ಮೊತ್ತ 226. ಮೂರನೆಯ ವೈಯಕ್ತಿಕ ಬಹುಮಾನ 116 ಪಡೆದ ಇನ್ನೊಬ್ಬರ ಪಾಲಾಯಿತು. ಹೀಗಾಗಿ ಸ ಕೈಯಲ್ಲಿ ವೈಯಕ್ತಿಕ ದ್ವಿತೀಯ ಬಹುಮಾನವೂ ಪಾರಿತೋಷಕವೂ ಇದ್ದವು. ಒಂದೇ ಅಂಕದಿಂದ ಬಹುಮಾನ ತಪ್ಪಿಸಿಕೊಂಡ ಹ ಕೈ ಬರಿದಾಗಿತ್ತು.

ಈಗ ಯಾರಾದರೂ ‘ದ್ವಿತೀಯ ಬಹುಮಾನ ಪಡೆದ ಸ ಹಾಗೂ ಜೊತೆಗಿದ್ದ ಹ’ ಎಂದು ಬರೆದರೆ ಏನಾಗುತ್ತದೆ ನೋಡಿ. ಪಾರಿತೋಷಕವನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಹ ತಂದ 115. ಅವನು 107 ತಂದಿದ್ದರೂ ಪಾರಿತೋಷಕ ಆ ಇನ್ನೊಂದು ಕಾಲೇಜಿಗೆ ಹೋಗುತ್ತಿತ್ತು. ‘ಜೊತೆಗಿದ್ದ’ ಎಂಬ ಒಂದು ಪದ ಅಷ್ಟನ್ನೂ ಅಳಿಸಿಹಾಕುತ್ತದೆ. ಆದ್ದರಿಂದ ಬರೆಯುವ ಮುನ್ನ ಆಯೋಜಕರಲ್ಲಿ ಅಂಕಪಟ್ಟಿ ಕೇಳಿ, ಇಲ್ಲವೇ ಪಾರಿತೋಷಕ ಯಾವ ಲೆಕ್ಕದಲ್ಲಿ ಬಂತು ಎಂದಾದರೂ ಕೇಳಿ ತಿಳಿದುಕೊಳ್ಳಿ. ಆದರೆ ಅಂಕಗಳನ್ನು ಅಭಿನಂದನೆಯಲ್ಲಿ ಹಾಕಬೇಡಿ. ಇಬ್ಬರ ನಡುವೆ ಮೂರು ಅಂಕದ ಅಂತರವಿದೆ ಎಂಬುದು ಇಡೀ ಕಾಲೇಜಿಗೆ ಗೊತ್ತಾಗಬೇಕಿಲ್ಲ. ‘ಇಬ್ಬರ ಅಂಕ ಕೂಡಿದ್ದರಿಂದ ಬಂದ ಪಾರಿತೋಷಕ’ ಎಂದರೆ ವಿಷಯ ಮುಟ್ಟುತ್ತದೆ.

ಇದರ ಜೊತೆಗೇ ಹೆಸರುಗಳನ್ನು ಅವರವರನ್ನೇ ಕೇಳಿ ಬರೆದುಕೊಳ್ಳಿ. ಹಾಜರಿ ಪುಸ್ತಕದ ಇಂಗ್ಲಿಷ್ ಅಕ್ಷರಗಳಿಂದ ಕನ್ನಡಕ್ಕೆ ತಂದರೆ ದೀರ್ಘ ಹ್ರಸ್ವವಾಗುತ್ತದೆ, ಳ ಲ ಆಗುತ್ತದೆ, ಇನಿಷಿಯಲ್ ಹಿಂದುಮುಂದಾಗುತ್ತದೆ. ತನ್ನ ಹೆಸರು ತಪ್ಪಾಗಿರುವ ಅಭಿನಂದನೆಯನ್ನು ಯಾವ ಮಗುವೂ ಮನೆಯಲ್ಲಿ ತೋರಿಸುವುದಿಲ್ಲ.

ಆ ರಾತ್ರಿ ಮೂರು ಸಾಲು

ಪೂರ್ತಿ ಪತ್ರವನ್ನು ಅದೇ ರಾತ್ರಿ ಬರೆಯಲು ಹೋಗಬೇಡಿ. ದಣಿವಿನಲ್ಲಿ ಒಬ್ಬರ ಹೆಸರು ಬಿಟ್ಟುಹೋಗುತ್ತದೆ, ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಿದರೆ ಗಾಯ ಮಾಯುವುದಿಲ್ಲ. ಹಾಗೆಂದು ಸುಮ್ಮನಿರಲೂ ಬಾರದು. ಮಕ್ಕಳ ಗುಂಪಿಗೆ ಚಿಕ್ಕದೊಂದು ಮಾತು ಆ ರಾತ್ರಿಯೇ ಹೋಗಬೇಕು. ನಾನು ಕಳಿಸಿದ್ದು ಇಷ್ಟು:

‘ಪಾರಿತೋಷಕ ಇವತ್ತು ಆರೂ ಜನರದು. ಸ ಆ ಪ್ರಶ್ನೆಗೆ ಉತ್ತರ ಕೊಟ್ಟಾಗ ನಮ್ಮ ಕೋಣೆಯ ಮೂರನೆಯ ವಾರ ಕಣ್ಣಮುಂದೆ ಬಂತು. ಉಳಿದದ್ದನ್ನು ಸೋಮವಾರ ಬರೆಯುತ್ತೇನೆ. ಎಲ್ಲರೂ ಮನೆ ಸೇರಿದ ಮೇಲೆ ಇಲ್ಲಿ ಒಂದು ಸಾಲು ಹಾಕಿ.’

ಕೊನೆಯ ಸಾಲು ಅಭಿನಂದನೆಯಲ್ಲ ಎನಿಸಬಹುದು. ಸಂಜೆ ಏಳರ ಮೇಲೆ ಒಬ್ಬಳು ಕೆಂಗೇರಿಗೆ, ಇನ್ನೊಬ್ಬ ಯಲಹಂಕಕ್ಕೆ ಬಸ್ಸು ಹಿಡಿಯುವ ಊರಿನಲ್ಲಿ ಅದನ್ನು ಕೇಳದೆ ಬಿಡಲು ನನ್ನಿಂದಾಗುವುದಿಲ್ಲ.

ಸೋಮವಾರದ ಪತ್ರ

ಈಗ ನೋಟ್‌ಬುಕ್ ತೆರೆಯಿರಿ. ಒಂದು ಹಾಳೆಯಲ್ಲಿ ಆರು ಹೆಸರನ್ನೂ ಒಂದರ ಕೆಳಗೊಂದು ಬರೆದು, ಪ್ರತಿ ಹೆಸರಿನ ಮುಂದೆ ಒಂದು ಕ್ರಿಯಾಪದ ಬರೆಯಿರಿ. ‘ಸಹಕರಿಸಿದ’ ಎಂಬ ಪದ ಬೇಡ. ಸಹಕಾರ ಅಂದರೆ ಏನು ಮಾಡಿದರು ಎಂದು ನಮಗೆ ಗೊತ್ತಿಲ್ಲ ಎಂದೇ ಅರ್ಥ. ಲೆಕ್ಕ ಹಾಕಿದ, ಕೇಳಿದ, ಗಡಿಯಾರ ಹಿಡಿದ, ಹೋಗಿ ನೋಡಿಬಂದಳು, ಇಂಥ ಪದಗಳು ಬೇಕು. ಯಾರ ಮುಂದಾದರೂ ಕ್ರಿಯಾಪದ ಹೊಳೆಯದಿದ್ದರೆ ಉಳಿದ ಮಕ್ಕಳನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ನನಗೆ ಫ ವಿಷಯದಲ್ಲಿ ಹೀಗಾಯಿತು. ಅವಳು ಕೋಣೆಯಲ್ಲಿ ಮಾತಾಡುತ್ತಿದ್ದುದೇ ಕಡಿಮೆ. ಹ ಹೇಳಿದ: ‘ಸರ್, ಮಳೆನೀರು ಸೋಸುವ ಸೋಸುಕದ ವಿಷಯ ನಂದಲ್ಲ, ಅವಳೇ ಮನೆಮನೆಗೆ ಹೋಗಿ ಕೇಳಿಕೊಂಡು ಬಂದಿದ್ದು.’

‘ಎಲೆಮರೆಯ ಕಾಯಿಗಳಿಗೂ ಧನ್ಯವಾದ’ ಎಂದು ಬರೆಯುವ ಆಸೆ ಬರುತ್ತದೆ. ಬರೆಯಬೇಡಿ. ಹಾಗೆಂದರೆ ಅವರನ್ನು ಎಲೆಯ ಮರೆಯಲ್ಲೇ ಬಿಟ್ಟಂತೆ. ನಾನು ಸಂಚಾಲಕತ್ವ ವಹಿಸಿಕೊಂಡ ಮೊದಲ ವರ್ಷ ವೇದಿಕೆ ಹತ್ತಿದ ಇಬ್ಬರ ಹೆಸರನ್ನಷ್ಟೇ ಬರೆದು, ಉಳಿದವರಿಗೆ ‘ಇತರ ಸದಸ್ಯರು’ ಎಂದು ಹಾಕಿದ್ದೆ. ಇಡೀ ತಯಾರಿಗೆ ಸಾಮಗ್ರಿ ಒದಗಿಸಿದ್ದ ಹುಡುಗಿ ಮುಂದಿನ ವಾರದಿಂದ ಚರ್ಚಾಕೂಟಕ್ಕೆ ಬರಲೇ ಇಲ್ಲ. ಏಕೆ ಎಂದು ಕೇಳಿದಾಗ ‘ಲ್ಯಾಬ್ ಇದೆ ಸರ್’ ಎಂದಳು. ನಾನು ನಂಬಿದೆ. ಸೂಚನಾ ಫಲಕದ ಮುಂದೆ ನಿಂತು ಮತ್ತೆ ಓದಿದಾಗಲೇ ನನಗೆ ಕಾರಣ ತಿಳಿದದ್ದು. ಆ ತಪ್ಪು ನನ್ನದು, ಅದನ್ನು ತಿದ್ದಲು ಆಗಲಿಲ್ಲ.

ಈ ಸಲ ಬರೆದ ಪತ್ರವನ್ನು ಪೂರ್ತಿ ಕೊಡುತ್ತೇನೆ.

‘ಚರ್ಚಾಕೂಟದ ಪ್ರಿಯ ವಿದ್ಯಾರ್ಥಿಗಳೇ,

ಶನಿವಾರ ನೀವು ತಂದ ಪಾರಿತೋಷಕ ಪರ ಮತ್ತು ವಿರೋಧದ ಅಂಕಗಳು ಕೂಡಿ ಬಂದದ್ದು. ಒಂದು ಭಾಷಣ ಚೆನ್ನಾಗಿದ್ದರೆ ಸಾಲದು, ಎರಡೂ ನಿಲ್ಲಬೇಕು. ನಿಮ್ಮವು ನಿಂತವು.

ನ, ವಿಷಯ ಬಂದ ದಿನ ನಮ್ಮ ಹತ್ತಿರ ಇದ್ದದ್ದು ನೀರು ಅಮೂಲ್ಯ ಎಂಬ ಒಂದು ಮಾತು. 1200 ಚದರಡಿ ನಿವೇಶನದ ಮೇಲೆ ವರ್ಷಕ್ಕೆ 1 ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ ಎಂದು ನೀನು ಲೆಕ್ಕ ಹಾಕಿ ತಂದೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ಆದ ತಿದ್ದುಪಡಿ ಹೊಸ ಮನೆಗಳಿಗೆ ಇದೇ ಅಳತೆಯಿಂದ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದೆ ಎಂಬುದನ್ನೂ ನೀನೇ ಜೋಡಿಸಿದೆ. ಪರ ಭಾಷಣದ ಮೊದಲ ಅರ್ಧ ನಿಮಿಷ ನಿನ್ನದು.

ಸ, ಆರು ನಿಮಿಷದ ಭಾಷಣವನ್ನು ನಾಲ್ಕಕ್ಕೆ ಇಳಿಸಲು ನೀನು ಬಿಟ್ಟುಕೊಟ್ಟದ್ದು ನಿನಗೆ ಅತಿ ಇಷ್ಟವಾದ ಪೀಠಿಕೆಯನ್ನು. ಆ ಧೈರ್ಯವನ್ನು ನಾನು ನೋಡಿದ್ದೇನೆ.

ಮ, ದಂಡ ಕಟ್ಟಿಬಿಟ್ಟರೆ ನೀರು ಹಿಡಿದಂತಾಯಿತೇ ಎಂದು ನೀನು ಕೇಳಿದ ಸಂಜೆ ಪರ ವಾದ ಕುಸಿದಿತ್ತು. ಮರುದಿನ ಅದು ಎದ್ದು ನಿಂತಿತು. ಶನಿವಾರ ಸಭೆಯಲ್ಲಿ ಅದೇ ಪ್ರಶ್ನೆ ಬಂದಾಗ ಸ ಕೊಟ್ಟ ಉತ್ತರದಲ್ಲಿ ನಿನ್ನ ಪಾಲು ಇತ್ತು.

ಫ, ನೀನು ಜಯನಗರದ ಮಳೆನೀರು ಉದ್ಯಾನಕ್ಕೆ ಹೋಗಿ ಸೋಸುಕ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿಬಂದೆ. ಆಮೇಲೆ ನಿಮ್ಮ ಬೀದಿಯ ಮನೆಗಳಲ್ಲಿ ಅದನ್ನು ಕೊನೆಯ ಸಲ ಯಾವಾಗ ತೊಳೆದಿರಿ ಎಂದು ಕೇಳಿದೆ. ಪೈಪು ಇದ್ದ ಮಾತ್ರಕ್ಕೆ ನೀರು ಇಂಗುವುದಿಲ್ಲ ಎಂಬ ವಿರೋಧದ ಬಲವಾದ ವಾದ ಅಲ್ಲಿಂದ ಹುಟ್ಟಿತು.

ಹ, ನೀನು ಆ ವಾದವನ್ನು ಗದ್ದಲವಿಲ್ಲದೆ, ಎದುರಾಳಿಯ ಮಾತಿಗೆ ಗೌರವ ಕೊಟ್ಟು ಮಂಡಿಸಿದೆ. ದಂಡ ಬೇಡ ಎಂದವನು ಮಳೆನೀರು ಬೇಡ ಎನ್ನುತ್ತಿಲ್ಲ ಎಂಬುದು ಸಭೆಗೆ ಸ್ಪಷ್ಟವಾಯಿತು. ಪಾರಿತೋಷಕ ನಮ್ಮದಾಗಲು ನಿನ್ನ ಭಾಷಣವೇ ಆಧಾರವಾಯಿತು.

ರ, ನಾಲ್ಕು ವಾರ ಮೂರನೆಯ ನಿಮಿಷಕ್ಕೆ ಮೇಜು ತಟ್ಟಿದವನು ನೀನು. ಶನಿವಾರ ಎಚ್ಚರಿಕೆಯ ಗಂಟೆ ಹೊಡೆದಾಗ ನಮ್ಮ ಇಬ್ಬರೂ ಬೆಚ್ಚಲಿಲ್ಲ.

ನಿಮ್ಮೆಲ್ಲರ ಬಗ್ಗೆ ನನಗೆ ಹೆಮ್ಮೆಯಿದೆ. ಅಭಿನಂದನೆಗಳು.’

ಕ್ರಮವನ್ನು ಗಮನಿಸಿ. ಭಾಷಣಕಾರರಿಂದ ಶುರು ಮಾಡಿಲ್ಲ, ಕೆಲಸ ನಡೆದ ಕ್ರಮದಲ್ಲಿ ಹೆಸರುಗಳು ಬಂದಿವೆ. ಲೆಕ್ಕದಿಂದ ಭಾಷಣ, ಭಾಷಣದಿಂದ ಪ್ರಶ್ನೆ. ಹೀಗೆ ಬರೆದಾಗ ಯಾರು ಮೊದಲು ಯಾರು ಕೊನೆ ಎಂಬ ಲೆಕ್ಕಾಚಾರಕ್ಕೆ ಎಡೆಯಿರುವುದಿಲ್ಲ. ಎಲ್ಲರಿಗೂ ಸಮ ಉದ್ದದ ವಾಕ್ಯ ಇರಲೇಬೇಕೆಂದೂ ಇಲ್ಲ. ರನಿಗೆ ಎರಡೇ ವಾಕ್ಯ ಇವೆ, ಅವೆರಡೂ ನಿಜ. ಮ ಆಯ್ಕೆಯಲ್ಲಿ ಸೋತಿದ್ದ ಎಂಬುದನ್ನು ನಾನು ಎಲ್ಲೂ ಬರೆದಿಲ್ಲ. ‘ಅವಕಾಶ ಸಿಗದಿದ್ದರೂ ಬೇಸರಿಸದೆ’ ಎಂದು ಹೊಗಳುವುದು ಅವನ ಸೋಲನ್ನು ಸೂಚನಾ ಫಲಕದಲ್ಲಿ ಅಂಟಿಸಿದ ಹಾಗಾಗುತ್ತಿತ್ತು.

ಅಂಟಿಸುವ ಮೊದಲು ಓದಿ ನೋಡಿ

ಪತ್ರ ಮುಗಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ಯಾವ ವಾಕ್ಯ ಬೇರೆ ತಂಡಕ್ಕೂ ಹೊಂದುತ್ತದೋ ಅದನ್ನು ತೆಗೆಯಿರಿ. ನನ್ನ ಮೊದಲ ಕರಡಿನಲ್ಲಿ ಹೀಗೆ ಐದು ವಾಕ್ಯಗಳು ಹೋದವು, ಒಂದು ಉಳಿಯಿತು. ಹೆಮ್ಮೆಯಿದೆ ಎಂಬ ಆ ವಾಕ್ಯವನ್ನು ಬೇಕೆಂದೇ ಇಟ್ಟೆ, ಏಕೆಂದರೆ ಮಕ್ಕಳು ಅದನ್ನೂ ಕೇಳಬೇಕು.

ಆಮೇಲೆ ‘ನನ್ನ ಮಾರ್ಗದರ್ಶನದಲ್ಲಿ’ ಎಂಬುದು ಎಲ್ಲಾದರೂ ನುಸುಳಿದೆಯೇ ನೋಡಿ. ಸೋತ ಕಾಲೇಜಿನ ಹೆಸರು ಬಂದಿದ್ದರೆ ಅಳಿಸಿ. ಆ ಕಾಲೇಜಿನಲ್ಲೂ ಒಬ್ಬ ಸಂಚಾಲಕರು ಅವತ್ತು ತಮ್ಮ ಮಕ್ಕಳಿಗೆ ಸಮಾಧಾನ ಹೇಳುತ್ತಿರುತ್ತಾರೆ.

ಇನ್ನೊಂದು ಸಾಮಾನ್ಯ ತಪ್ಪು ಅದೇ ಪತ್ರದಲ್ಲಿ ಮುಂದಿನ ಗುರಿ ಹಾಕುವುದು. ‘ಮುಂದಿನ ಬಾರಿ ರಾಜ್ಯಮಟ್ಟದಲ್ಲೂ ಗೆಲ್ಲುವಿರೆಂದು ನಂಬಿದ್ದೇವೆ’ ಎಂದಾಗ ಈ ಗೆಲುವು ಅರ್ಧ ದಾರಿಯಂತೆ ಕಾಣುತ್ತದೆ. ತಿದ್ದುವ ಮಾತಿಗೂ ಇದು ಜಾಗವಲ್ಲ. ಹ ತನ್ನ ಕೊನೆಯ ಅರ್ಧ ನಿಮಿಷದಲ್ಲಿ ಬಹಳ ಅವಸರಪಟ್ಟಿದ್ದ, ಆ ಒಂದು ಅಂಕ ಅಲ್ಲೇ ಹೋಗಿರಬೇಕು ಎಂದು ನನ್ನ ಅನುಮಾನ. ಅದನ್ನು ಬುಧವಾರ, ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ, ಅವನೊಬ್ಬನಿಗೇ ಹೇಳಿದೆ. ‘ನನಗೂ ಗೊತ್ತಾಯ್ತು ಸರ್’ ಎಂದ.

ಎಲ್ಲಿಗೆ ಯಾವುದು

ಈ ಪತ್ರ ಹೋಗಬೇಕಾದದ್ದು ಎರಡು ಕಡೆಗೆ: ಕಾಲೇಜಿನ ಸೂಚನಾ ಫಲಕಕ್ಕೆ ಮತ್ತು ಆರೂ ಮಕ್ಕಳ ಕೈಗೆ, ಸಹಿ ಹಾಕಿದ ಪ್ರತಿಯಾಗಿ. ಪ್ರಾಂಶುಪಾಲರಿಗೆ ಕೊಡುವುದು ಬೇರೆ ಕಾಗದ. ಅದರಲ್ಲಿ ಸ್ಪರ್ಧೆಯ ಹೆಸರು, ದಿನಾಂಕ, ಫಲಿತಾಂಶ, ಆರೂ ಮಂದಿಯ ತರಗತಿ ಮತ್ತು ನೋಂದಣಿ ಸಂಖ್ಯೆ, ಜೊತೆಗೆ ತಪ್ಪಿದ ತರಗತಿಗಳ ಹಾಜರಾತಿ ಕೊಡಿಸುವ ಕೋರಿಕೆ ಇದ್ದರೆ ಸಾಕು. ಹಾಜರಾತಿಯ ಕೋರಿಕೆಯಲ್ಲಿ ಇಬ್ಬರನ್ನಷ್ಟೇ ಸೇರಿಸಿ, ಸಭೆಗೆ ಬಂದಿದ್ದ ಉಳಿದ ನಾಲ್ವರನ್ನು ಬಿಟ್ಟರೆ, ಪತ್ರದಲ್ಲಿ ಬರೆದ ಒಳ್ಳೆಯ ಮಾತೆಲ್ಲ ಸುಳ್ಳಾಗುತ್ತದೆ. ಪ್ರಮಾಣಪತ್ರಗಳ ನಕಲು ಕಚೇರಿಗೆ ಹೋಗಲಿ, ನ್ಯಾಕ್ ಕಡತಕ್ಕೆ ಬೇಕು ಎಂದು ಅವರು ಹೇಗೂ ಕೇಳುತ್ತಾರೆ.

ಫೋಟೊ ಹಾಕುವುದಾದರೆ ಮಕ್ಕಳನ್ನು ಕೇಳಿ ಹಾಕಿ, ಆರೂ ಜನ ಇರುವುದನ್ನೇ ಹಾಕಿ. ಒಬ್ಬಳು ಫೋಟೊ ಬೇಡ ಎಂದರೆ ಕಾರಣ ಕೇಳಬೇಡಿ, ಪಾರಿತೋಷಕದ ಫೋಟೊ ಮಾತ್ರ ಹಾಕಿ.

ಮನೆಗೆ ಹೋಗುವ ಪ್ರತಿಯ ಬಗ್ಗೆ ಒಂದು ಮಾತು. ತಿಂಗಳಿಡೀ ಮಗಳು ತಡವಾಗಿ ಬರುತ್ತಿದ್ದುದು ಯಾಕೆಂದು ಎಷ್ಟೋ ಮನೆಗಳಲ್ಲಿ ಪೂರ್ತಿ ತಿಳಿದಿರುವುದಿಲ್ಲ. ಫ ತಂದೆ ಆ ವಾರ ನನಗೆ ಫೋನ್ ಮಾಡಿದರು. ‘ಅವಳು ಪಕ್ಕದ ಮನೆಗಳಿಗೆ ಹೋಗಿ ಏನೋ ಕೇಳ್ತಿದ್ದಳು ಮೇಷ್ಟ್ರೇ, ನಾನು ಬೈದಿದ್ದೆ. ಈಗ ಕಾಗದ ಓದಿದೆ’ ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಮನೆಯ ಸೋಸುಕವನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂದು ಕೇಳಿದರು. ಫ ಹತ್ತಿರವೇ ಕೇಳಿ ಎಂದೆ.

ಪರ್ಯಾಯ ಪಾರಿತೋಷಕವನ್ನು ಮುಂದಿನ ವರ್ಷ ಹಿಂದಿರುಗಿಸಬೇಕು. ಕೊಡುವ ಮೊದಲು ಅದರ ಚಿಕ್ಕ ಫಲಕದ ಮೇಲೆ ಕಾಲೇಜಿನ ಹೆಸರು ಮತ್ತು ವರ್ಷ ಕೆತ್ತಿಸಿ. ಮಕ್ಕಳ ಹೆಸರಿಗೆ ಅಲ್ಲಿ ಜಾಗ ಇರುವುದಿಲ್ಲ. ಆದ್ದರಿಂದ ಪತ್ರದ ಒಂದು ಪ್ರತಿಗೆ ದಿನಾಂಕ ಹಾಕಿ ಚರ್ಚಾಕೂಟದ ಕಡತದಲ್ಲಿ ಇಡಿ, ಅದರ ಹಿಂದೆಯೇ ಅಭ್ಯಾಸದ ನೋಟ್‌ಬುಕ್ಕನ್ನೂ ಇಡಿ.